ಬಾಯಿಗೆ ಹತ್ತು, ಕಿವಿಗೆ ಹನ್ನೆರಡು: ಒಂದು ಕನ್ನಡ ಪಾಠವನ್ನು ಕೇಳುವ ಕಾರ್ಡ್ ಮಾಡಿದ ಪ್ರಕರಣ

ಕಲಬುರಗಿಯಲ್ಲಿ ನಾನು ಸಂಜೆ ಹೊತ್ತು ಬೇರೆ ರಾಜ್ಯದವರಿಗೆ ಕನ್ನಡ ಹೇಳಿಕೊಡುತ್ತೇನೆ. ಬ್ಯಾಂಕಿನವರು, ರೈಲ್ವೆಯವರು, ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಬರುತ್ತಾರೆ. ಈ ಪ್ರಕರಣ ಅವರಲ್ಲಿ ಒಬ್ಬರದು. ರಾಜಸ್ಥಾನದಿಂದ ಬಂದ ಯುವ ವೈದ್ಯೆ. ಮನೆಮಾತು ಹಿಂದಿ. ಕನ್ನಡ ಓದಲು ಬರುವುದಿಲ್ಲ. ಊರಿನಲ್ಲಿ ಹಿಂದಿ, ಉರ್ದು ಬಲ್ಲವರು ಬಹಳ ಮಂದಿ ಇರುವುದರಿಂದ ಅಂಗಡಿ, ಆಟೊ ಎಲ್ಲ ಸಲೀಸಾಗಿ ನಡೆಯುತ್ತಿತ್ತು. ಆದರೆ ಜೇವರ್ಗಿ, ಅಫಜಲಪುರ, ಚಿಂಚೋಳಿ ಕಡೆಯಿಂದ ಬರುವ ವಯಸ್ಸಾದ ಹೆಣ್ಣುಮಕ್ಕಳ ಮುಂದೆ ಕುಳಿತಾಗ ಈ ವೈದ್ಯೆಯ ಬಾಯಿ ಕಟ್ಟಿಹೋಗುತ್ತಿತ್ತು. ಆ ಅಜ್ಜಿಯರಿಗೆ ಕನ್ನಡ ಬಿಟ್ಟರೆ ಬೇರೆ ಬರುವುದಿಲ್ಲ.

ಒಂದು ದಿನ ಅವರು ಬಂದು ಕೇಳಿದರು. "ಸರ್, ನಿಮ್ಮ ಪಾಠ ರೆಕಾರ್ಡ್ ಮಾಡಿಕೊಂಡಿದ್ದೇನೆ. ಬಸ್ಸಿನಲ್ಲಿ ಕೇಳುತ್ತೇನೆ. ಆದರೆ ಒಂದು ಪದವೂ ನಿಲ್ಲುತ್ತಿಲ್ಲ. ಪುಸ್ತಕ ತೆಗೆಯಲು ಪುರುಸೊತ್ತಿಲ್ಲ. ಕಿವಿಯಿಂದಲೇ ಕಲಿಯುವ ಹಾಗೆ ಏನಾದರೂ ಮಾಡಿಕೊಡುತ್ತೀರಾ?"

ಆ ಪಾಠ 48 ನಿಮಿಷದ್ದು. ವಿಷಯ, ದವಾಖಾನೆಯ ಮಾತು. ಬೋರ್ಡಿನ ಮೇಲೆ ನಾನು 64 ಪದ ಬರೆದಿದ್ದೆ. ಅವರು ದಿನಕ್ಕೆ ಎರಡು ಸಲ ಸಿಟಿ ಬಸ್ಸಿನಲ್ಲಿ ಹೋಗಿಬರುತ್ತಾರೆ. ಒಂದು ಕಡೆಗೆ ಹತ್ತು ನಿಮಿಷ. ನಮ್ಮ ಕೈಯಲ್ಲಿ ಇದ್ದ ಹೊತ್ತು ಅಷ್ಟೇ.

ಮೊದಲ ಯತ್ನ ಯಾಕೆ ಕೆಟ್ಟಿತು

ಮೊದಲು ಸುಲಭ ದಾರಿ ಹಿಡಿದೆ. ಪಾಠದ ರೆಕಾರ್ಡಿಂಗನ್ನು ಆಡಾಸಿಟಿ ಎಂಬ ದನಿ ತಿದ್ದುವ ಸಾಫ್ಟ್‌ವೇರಿನಲ್ಲಿ ತೆರೆದೆ. ಪದ ಬಂದ ಕಡೆಯೆಲ್ಲ `Ctrl+B` ಒತ್ತಿ ಗುರುತು ಹಾಕಿದೆ. ಆಮೇಲೆ ಆ ತುಣುಕುಗಳನ್ನು ಬೇರೆ ಬೇರೆ ಫೈಲ್ ಮಾಡಿ, ಕೇಳುವ ಕಾರ್ಡ್ ಎಂದು ಅವರಿಗೆ ಕೊಟ್ಟೆ. ಕಾರ್ಡ್ ಅಂದರೆ ಒಂದು ಮಾತು ಕೇಳಿಸಿ, ಅದರ ಉತ್ತರ ನೆನಪಿಸಿಕೊಳ್ಳಲು ಬಿಡುವ ತುಣುಕು. ಒಂದು ವಾರ ಕೇಳಿದರು. ಎಲ್ಲ ಪದಕ್ಕೂ ಥಟ್ಟನೆ ಉತ್ತರ ಹೇಳುತ್ತಿದ್ದರು. ನನಗೆ ಖುಷಿಯಾಯಿತು.

ಆದರೆ ಅದೇ ಪದಗಳನ್ನು ನಾನು ಎದುರು ಕುಳಿತು ಹೇಳಿದಾಗ ಅರ್ಧಕ್ಕರ್ಧ ಗೊತ್ತಾಗಲಿಲ್ಲ. ಕಾರಣ ಹುಡುಕಲು ಸ್ವಲ್ಪ ಹೊತ್ತು ಬೇಕಾಯಿತು. ಅವರೇ ಹೇಳಿದರು, "ಕೆಮ್ಮು ಅಂತ ಬರುವಾಗ ಹಿಂದೆ ಯಾರೋ ಕುರ್ಚಿ ಎಳೆಯುತ್ತಾರೆ, ಸರ್. ಜ್ವರ ಅಂದಾಗ ನೀವು ಗಂಟಲು ಸರಿಮಾಡಿಕೊಳ್ಳುತ್ತೀರಿ." ಅಂದರೆ ಅವರು ಕಲಿತದ್ದು ಪದವನ್ನಲ್ಲ, ಆ ತುಣುಕಿನ ಸದ್ದನ್ನು. ಕಿವಿಗೆ ಮೊದಲು ಸಿಗುವ ಗುರುತು ಯಾವುದೋ ಅದನ್ನೇ ಅದು ಹಿಡಿದುಕೊಳ್ಳುತ್ತದೆ. ಪಾಠವನ್ನು ಕತ್ತರಿಸಿ ಕಾರ್ಡ್ ಮಾಡಿದರೆ ಈ ತೊಂದರೆ ಬಂದೇ ಬರುತ್ತದೆ. ಇದನ್ನು ಪತ್ತೆ ಮಾಡುವುದು ಕಷ್ಟವಲ್ಲ. ಅದೇ ಪದವನ್ನು ಇನ್ನೊಬ್ಬರ ದನಿಯಲ್ಲಿ, ಇನ್ನೊಂದು ವಾಕ್ಯದಲ್ಲಿ ಕೇಳಿಸಿ ನೋಡಿ. ಗೊತ್ತಾಗದಿದ್ದರೆ ಅವರು ಕಲಿತದ್ದು ಫೈಲನ್ನು ಮಾತ್ರ.

ಇನ್ನೊಂದು ತಪ್ಪೂ ಇತ್ತು. ಪಾಠದಲ್ಲಿ ನಾನು ಕ್ರಿಯಾಪದದ ಮೂಲರೂಪ ಹೇಳಿದ್ದೆ. ನೋಯು, ಉರಿ, ಮಲಗು. ಕಣ್ಣಿಗೆ ಕಾಣುವ ಪಟ್ಟಿಯಲ್ಲಿ ಅದು ಸರಿ. ಕಿವಿಯಲ್ಲಿ ಮಾತ್ರ ಕೇಳಿದವರಿಗೆ ಅದೇ ಪೂರ್ತಿ ಮಾತು ಎನಿಸುತ್ತದೆ. ವಾರ್ಡಿನಲ್ಲಿ ಅವರು ಒಬ್ಬ ಅಜ್ಜಿಗೆ "ಎಲ್ಲಿ ನೋಯು?" ಎಂದು ಕೇಳಿದ್ದರು. ಅಜ್ಜಿ ಮುಖ ನೋಡಿದರಂತೆ. ಅದು ನನ್ನ ಪಟ್ಟಿಯ ತಪ್ಪು.

ಮೂರನೆಯದು ಇನ್ನೂ ಸಣ್ಣದು, ಆದರೆ ನನಗೆ ಜಾಸ್ತಿ ಕಲಿಸಿದ್ದು. ಬೋರ್ಡಿನ ಮೇಲೆ "ಮಾತ್ರೆ" ಎಂದು ಬರೆದು, ಗೆರೆ ಎಳೆದು, ಪಕ್ಕದಲ್ಲಿ "ಗುಳಿಗೆ" ಎಂದು ಬರೆದಿದ್ದೆ. ಓದುವಾಗ ಒಂದೇ ಉಸಿರಿನಲ್ಲಿ ಎರಡೂ ಓದಿದ್ದೆ. ಅವರು ಅದನ್ನು ಒಂದೇ ಪದವೆಂದು ತಿಳಿದು ರೋಗಿಗೆ "ಮಾತ್ರೆ ಗುಳಿಗೆ ತಗೊಳ್ಳಿ" ಎಂದಿದ್ದರು. ಗೆರೆ, ಕಂಸ, ಬಾಣ, ಬಣ್ಣ, ಇವು ಯಾವುವೂ ಕಿವಿಗೆ ಕೇಳಿಸುವುದಿಲ್ಲ. ಪಾಠದಲ್ಲಿ ಬೋರ್ಡು ಎಷ್ಟು ಕೆಲಸ ಮಾಡುತ್ತದೆ ಎಂಬುದು ನನಗೆ ಆಗ ಅರಿವಾಯಿತು.

ಯಾರ ಬಾಯಿ, ಯಾರ ಕಿವಿ

ಮತ್ತೆ ಮೊದಲಿನಿಂದ ಶುರು ಮಾಡಿದೆವು. ಈ ಸಲ 64 ಪದಗಳನ್ನು ಒಂದೊಂದಾಗಿ ಹೇಳಿ ಅವರನ್ನು ಒಂದೇ ಪ್ರಶ್ನೆ ಕೇಳಿದೆ. "ಇದನ್ನು ನೀವು ಹೇಳಬೇಕೋ, ರೋಗಿ ಹೇಳಿದಾಗ ತಿಳಿದುಕೊಳ್ಳಬೇಕೋ?"

ಈ ಪ್ರಶ್ನೆಯಿಂದಲೇ ಎಲ್ಲ ಬದಲಾಯಿತು. ಶ್ವಾಸಕೋಶ, ಮೂತ್ರಪಿಂಡ, ಪಿತ್ತಕೋಶ ಮುಂತಾದ ಪದಗಳು ಮೊದಲ ಏಟಿಗೇ ಹೊರಗೆ ಹೋದವು. ಡಾಕ್ಟರುಗಳು ತಮ್ಮತಮ್ಮಲ್ಲಿ ಅವನ್ನು ಇಂಗ್ಲಿಷಿನಲ್ಲೇ ಹೇಳುತ್ತಾರೆ. ರೋಗಿ "ಕಿಡ್ನಿ" ಎನ್ನುತ್ತಾರೆ. ಪಾಠದಲ್ಲಿ ಅವನ್ನು ಹೇಳಿಕೊಟ್ಟದ್ದಕ್ಕೆ ನನಗೆ ಬೇಸರವಿಲ್ಲ, ಆದರೆ ಬಸ್ಸಿನ ಹತ್ತು ನಿಮಿಷದಲ್ಲಿ ಅವಕ್ಕೆ ಜಾಗವಿಲ್ಲ. ಹಿಂದಿಯಲ್ಲೂ ಅದೇ ಅರ್ಥ ಇರುವ ಪದಗಳೂ ಹೋದವು. ದವಾಖಾನೆ ಎಂಬ ಪದಕ್ಕೆ ಹಿಂದಿಯವರಿಗೆ ಕಾರ್ಡ್ ಯಾಕೆ? 1956ರವರೆಗೆ ಈ ಸೀಮೆ ಹೈದರಾಬಾದ್ ರಾಜ್ಯದಲ್ಲಿತ್ತು. ಹಾಗಾಗಿ ಇಲ್ಲಿನ ಕನ್ನಡದಲ್ಲಿ ಉರ್ದು ಪದ ಬಹಳ. ಹಿಂದಿಯವರಿಗೆ ಅದು ಪುಕ್ಕಟೆ ಸಿಕ್ಕ ಗಂಟು.

ಆದರೆ ಆ ಗಂಟಿನಲ್ಲಿ ಮೋಸ ಮಾಡುವ ಪದಗಳೂ ಇರುತ್ತವೆ. "ಸುಸ್ತು" ಅಂಥದ್ದು. ಹಿಂದಿಯಲ್ಲಿ ಸುಸ್ತ್ ಅಂದರೆ ಮುಖ್ಯವಾಗಿ ಸೋಮಾರಿ, ಮಂದ. ನಮ್ಮಲ್ಲಿ ಸುಸ್ತು ಅಂದರೆ ದಣಿವು, ಮೈಯಲ್ಲಿ ಶಕ್ತಿ ಇಲ್ಲದಿರುವುದು. ರೋಗಿ "ಸುಸ್ತು" ಎಂದಾಗ ಡಾಕ್ಟರ್ ಅದನ್ನು ಸೋಮಾರಿತನ ಎಂದುಕೊಂಡರೆ ಅಪಾಯ ಅಲ್ವಾ? ಅಂಥ ಪದಕ್ಕೆ ಕಾರ್ಡ್ ಬೇಕೇ ಬೇಕು. ಗೊತ್ತಿರುವಂತೆ ಕಾಣುವ ಪದವನ್ನು ಕಲಿಯುವವರೇ ಬಿಟ್ಟುಬಿಡುತ್ತಾರೆ. ಪಾಠ ಹೇಳಿದವರು ಅದನ್ನು ಹಿಡಿದು ಒಳಗೆ ಹಾಕಬೇಕು.

ಕೊನೆಗೆ ಉಳಿದದ್ದು 22. ಡಾಕ್ಟರ ಬಾಯಿಗೆ ಹತ್ತು, ಕಿವಿಗೆ ಹನ್ನೆರಡು.

ಬಾಯಿಯ ಕಾರ್ಡಿನಲ್ಲಿ ಹಿಂದಿ ಮೊದಲು, ಕನ್ನಡ ಆಮೇಲೆ. ಕಿವಿಯ ಕಾರ್ಡಿನಲ್ಲಿ ಕನ್ನಡ ಮೊದಲು, ಹಿಂದಿ ಆಮೇಲೆ. ಇದು ಬರೀ ತಿರುಗುಮುರುಗು ಅಲ್ಲ. ಎರಡರ ಕನ್ನಡವೇ ಬೇರೆ. ಡಾಕ್ಟರ್ ಕೇಳುವ ಪ್ರಶ್ನೆ ಪುಸ್ತಕದ ಕನ್ನಡದಲ್ಲಿದ್ದರೂ ಅಜ್ಜಿಗೆ ತಿಳಿಯುತ್ತದೆ. "ಎಷ್ಟು ದಿನದಿಂದ ನೋವು ಇದೆ?" ಎಂದರೆ ಸಾಕು. ಆದರೆ ಅಜ್ಜಿಯ ಉತ್ತರ ಪುಸ್ತಕದ ಕನ್ನಡದಲ್ಲಿ ಬರುವುದಿಲ್ಲ. "ನಿನ್ನಿಯಿಂದ ಹೊಟ್ಟಿ ನೋಯ್ಲಾಕತ್ತದ" ಎಂದು ಬರುತ್ತದೆ. ಪುಸ್ತಕದಲ್ಲಿ ಅದು "ನೋಯುತ್ತಿದೆ". ಆ ಎರಡು ರೂಪಗಳ ನಡುವಿನ ಅಂತರವೇ ಅವರ ಕಷ್ಟ. ಹಾಗಾಗಿ ಬಾಯಿಯ ಕಾರ್ಡಿಗೆ ಪಾಠದ ಕನ್ನಡ, ಕಿವಿಯ ಕಾರ್ಡಿಗೆ ಕಲಬುರಗಿಯ ಕನ್ನಡ ಎಂದು ಇಟ್ಟುಕೊಂಡೆವು.

ಇದರಿಂದ ಒಂದು ಲಾಭ ತಾನಾಗಿ ಬಂತು. ಹನ್ನೆರಡು ಕಿವಿಯ ಕಾರ್ಡಿನಲ್ಲಿ ಹಲವಕ್ಕೆ ಒಂದೇ ಬಾಲ ಇತ್ತು. ನೋಯ್ಲಾಕತ್ತದ, ಉರಿಲಾಕತ್ತದ, ಆಗ್ಲಾಕತ್ತದ, ಬರ್ಲಾಕತ್ತದ. ನಾನು ಈ ರೂಪದ ಬಗ್ಗೆ ಒಂದು ಮಾತೂ ವಿವರಿಸಿರಲಿಲ್ಲ. ನಾಲ್ಕನೆಯ ದಿನ ಅವರೇ ಕೇಳಿದರು, "ಸರ್, ಲಾಕತ್ತದ ಅಂದರೆ ಈಗ ನಡೆಯುತ್ತಿದೆ ಅಂತಲಾ?"

ವಾಕ್ಯ ಕಟ್ಟಿದ ಬಗೆ

ಕಿವಿಯ ಕಾರ್ಡಿಗೆ ಬಿಡಿ ಪದ ಸಾಲದು. ಬಿಡಿ ಪದ ಅರೆಗಳಿಗೆಯಲ್ಲಿ ಮುಗಿದುಹೋಗುತ್ತದೆ. ಬಸ್ಸಿನ ಹಾರನ್ ಒಂದು ಸಲ ಬಡಿದರೆ ಪದವೇ ಇಲ್ಲ. ವಾಕ್ಯ ಇದ್ದರೆ ಅಕ್ಕಪಕ್ಕದ ಮಾತು ಕೈಹಿಡಿಯುತ್ತದೆ. ಆದರೆ ವಾಕ್ಯ ಉದ್ದವಾದರೆ ಕೊನೆ ಕೇಳುವಷ್ಟರಲ್ಲಿ ಮೊದಲು ಮರೆತಿರುತ್ತದೆ. ನಾವು ಮೂರರಿಂದ ಆರು ಪದದ ವಾಕ್ಯಕ್ಕೆ ನಿಂತೆವು. ಒಂದು ವಾಕ್ಯದಲ್ಲಿ ಒಂದೇ ಹೊಸ ಪದ. ಉಳಿದವೆಲ್ಲ ಹಳೆಯವು.

ಪಾಠದಲ್ಲಿ ನಾನು "ಸುಸ್ತು" ಪದಕ್ಕೆ ಕೊಟ್ಟಿದ್ದ ಉದಾಹರಣೆ ಹೀಗಿತ್ತು: "ಬಿಸಿಲಿನಲ್ಲಿ ಬಹಳ ಹೊತ್ತು ಹೊಲದಲ್ಲಿ ಕೆಲಸ ಮಾಡಿದ್ದರಿಂದ ಅವರಿಗೆ ಸುಸ್ತಾಗಿ ಮನೆಗೆ ಬಂದು ಮಲಗಿದರು." ಕ್ಲಾಸಿನಲ್ಲಿ ಇದು ಚೆನ್ನಾಗಿತ್ತು. ಕಲಬುರಗಿ ಬಿಸಿಲು ಎಲ್ಲರಿಗೂ ಗೊತ್ತು, ಎಲ್ಲರೂ ನಕ್ಕರು. ಕಾರ್ಡಿಗೆ ಇದು ಬೇಡ. ಹೊಸಬರಿಗೆ ಇದರಲ್ಲಿ ನಾಲ್ಕೈದು ಹೊಸ ಪದ ಇವೆ. ಬೇಕಾದ ಪದ ನಡುವೆ ಹೂತುಹೋಗಿದೆ. ಅದೂ "ಸುಸ್ತಾಗಿ" ಎಂದು ರೂಪ ಬದಲಿಸಿಕೊಂಡು. ಕಾರ್ಡಿಗೆ ಬಂದ ವಾಕ್ಯ: "ಎರಡ ದಿನದಿಂದ ಭಾಳ ಸುಸ್ತ ಆಗ್ಲಾಕತ್ತದ." ಎರಡು, ದಿನ, ಭಾಳ, ಆಗ್ಲಾಕತ್ತದ, ಇವೆಲ್ಲ ಬೇರೆ ಕಾರ್ಡಿನಲ್ಲಿ ಆಗಲೇ ಬಂದಿವೆ.

ಬಾಯಿಯ ಕಾರ್ಡಿನಲ್ಲಿ ತೊಡಕು ಬಂದದ್ದು ಹಿಂದಿಯಿಂದ. ಹಿಂದಿಯಲ್ಲಿ ನಿನ್ನೆಗೂ "ಕಲ್", ನಾಳೆಗೂ "ಕಲ್". ಮೊನ್ನೆಗೂ ನಾಡಿದ್ದಿಗೂ "ಪರಸೋಂ". ಕಾರ್ಡ್ "ಕಲ್" ಎಂದು ಕೇಳಿದರೆ ಅವರು ಏನು ಹೇಳಬೇಕು? ಬರೆದ ಕಾರ್ಡಿನಲ್ಲಾದರೆ ಕಂಸದಲ್ಲಿ ಒಂದು ಸೂಚನೆ ಹಾಕಬಹುದು. ಇಲ್ಲಿ ಅದು ಆಗದು. ಹಾಗಾಗಿ ಪ್ರಶ್ನೆಯನ್ನೇ ಪೂರ್ತಿ ಮಾತಾಗಿ ಕೊಟ್ಟೆವು. "ಕಲ್ ಫಿರ್ ಆಯಿಯೇ" ಎಂದರೆ "ನಾಳೆ ಮತ್ತೆ ಬನ್ನಿ". "ಕಲ್ ಕ್ಯಾ ಖಾಯಾ?" ಎಂದರೆ "ನಿನ್ನೆ ಏನು ತಿಂದಿರಿ?" ಆಮೇಲೆ ಬಾಯಿಯ ಹತ್ತೂ ಕಾರ್ಡಿಗೆ ಇದೇ ಪದ್ಧತಿ ಮಾಡಿದೆವು. ಬಿಡಿ ಪದಕ್ಕೆ ಬಿಡಿ ಪದ ಎಲ್ಲಿಯೂ ಇಲ್ಲ.

ಇನ್ನೊಂದು ಗಂಟು ಕುಡಿ, ಕೊಡಿ, ಕೂಡಿ. ನೀರು ಕುಡಿಯಿರಿ, ಚೀಟಿ ಕೊಡಿ, ಇಲ್ಲಿ ಕೂಡ್ರಿ. ಮೂರೂ ಡಾಕ್ಟರ ಬಾಯಲ್ಲಿ ದಿನಾ ಬರುವ ಮಾತು. ಹಿಂದಿಯಲ್ಲಿ ಗಿಡ್ಡ ಒ ಬೇರೆ ಸ್ವರವಾಗಿ ಇಲ್ಲ. ಹಾಗಾಗಿ ಅವರ ಬಾಯಲ್ಲಿ "ಕೊಡಿ" ಒಮ್ಮೆ "ಕೋಡಿ" ಆಗುತ್ತಿತ್ತು, ಒಮ್ಮೆ "ಕುಡಿ" ಆಗುತ್ತಿತ್ತು. "ಚೀಟಿ ಕುಡಿ" ಎಂದು ಒಮ್ಮೆ ಹೇಳಿದ್ದರು. ಮೊದಲು ನಾನು ಮೂರನ್ನೂ ಒಂದರ ಪಕ್ಕ ಒಂದು ಇಟ್ಟೆ. ಕ್ಲಾಸಿನಲ್ಲಿ ಹಾಗೆ ಹೋಲಿಸಿ ಹೇಳುವುದು ಒಳ್ಳೆಯದೇ. ಕಾರ್ಡಿನಲ್ಲಿ ಅದು ಉಲ್ಟಾ ಹೊಡೆಯಿತು. ಮೂರೂ ಒಂದಕ್ಕೊಂದು ಅಂಟಿಕೊಂಡು, ಯಾವುದು ಯಾವುದೆಂದು ತಿಳಿಯದಾಯಿತು. ಆಗ "ಕೊಡಿ" ಒಂದನ್ನೇ ಇಟ್ಟು ಉಳಿದೆರಡನ್ನು ತೆಗೆದೆ. ಅದು ಗಟ್ಟಿಯಾಗಿ ಕೂತ ಮೇಲೆ, ಒಂದು ವಾರ ಬಿಟ್ಟು "ಕುಡಿಯಿರಿ" ಸೇರಿಸಿದೆ. ಅದರ ಜೊತೆ ವಿಂಗಡಿಸುವ ಒಂದು ಕಾರ್ಡ್. ಅದರಲ್ಲಿ ಹಿಂದಿ ಇಲ್ಲ. "ನೀರು ಕೊಡಿ. ನೀರು ಕುಡಿಯಿರಿ. ಯಾವ ಮಾತಿಗೆ ರೋಗಿ ಲೋಟ ನಿಮ್ಮ ಕೈಗೆ ಕೊಡುತ್ತಾರೆ?" ಅಷ್ಟೇ. "ಕೂಡ್ರಿ" ಕೊನೆಗೆ ಬಂತು. ಅದಕ್ಕೆ ತೊಂದರೆ ಆಗಲಿಲ್ಲ, ದೀರ್ಘ ಊ ಅವರಿಗೆ ಮೊದಲೇ ಗೊತ್ತು.

ದನಿ

ಬಾಯಿಯ ಕಾರ್ಡುಗಳನ್ನು ನಾನೇ ಓದಿದೆ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಮೊಬೈಲನ್ನು ಬಾಯಿಂದ ಒಂದು ಗೇಣು ದೂರ ಇಟ್ಟು, ಸ್ವಲ್ಪ ಓರೆಯಾಗಿ. ನೇರ ಹಿಡಿದರೆ ಪ, ಬ, ಭ ಬಂದಾಗ ಗಾಳಿ ಬಡಿದು "ಡಬ್" ಎನ್ನುತ್ತದೆ. ಬೇಸಿಗೆಯಲ್ಲಿ ಫ್ಯಾನ್ ಇಲ್ಲದೆ ಕೂರುವುದು ನಮ್ಮೂರಲ್ಲಿ ಸುಮ್ನೆ ಮಾತಲ್ಲ. ಬೆಳಗ್ಗೆ ಐದೂವರೆಗೆ ಮಾಡಿದೆ.

ಕಿವಿಯ ಕಾರ್ಡಿಗೆ ನನ್ನ ದನಿ ಬೇಡವೆನಿಸಿತು. ಪಕ್ಕದ ಮನೆಯಲ್ಲಿ ಜೇವರ್ಗಿ ಕಡೆಯ ಒಬ್ಬ ಆಯಿ ಇದ್ದಾರೆ. ಅವರನ್ನು ಕೇಳಿದೆ, ಒಪ್ಪಿದರು. ನಾನು ಬರೆದ ವಾಕ್ಯ ಓದಿ ಹೇಳಿ, ಅವರು ತಿರುಗಿ ಹೇಳಲಿ ಎಂದು ಮಾಡಿದೆ. ಮೊಬೈಲ್ ಮುಂದೆ ಬಂದ ಕೂಡಲೇ ಆಯಿ ಬದಲಾದರು. "ನನಗೆ ಹೊಟ್ಟೆ ನೋಯುತ್ತಿದೆ" ಎಂದು ರೇಡಿಯೊದವರ ಹಾಗೆ ಹೇಳಿದರು. "ಆಯಿ, ನೀವು ಮಾತಾಡೋ ಹಾಂಗ ಹೇಳ್ರಿ" ಎಂದೆ. "ಏ, ನಮ್ಮ ಮಾತ ಡಾಕ್ಟರ್ ಬಾಯಿಗಿ ಚಂದ ಕಾಣಂಗಿಲ್ಲಪ್ಪ" ಎಂದರು. ಅವರ ಮಾತೇ ಬೇಕಾದದ್ದು, ಆ ಡಾಕ್ಟರಿಗೆ ಬೇಕಾದ ಕನ್ನಡ ಅದೇ ಎಂದು ಹೇಳಲು ನನಗೆ ಬಹಳ ಹೊತ್ತು ಹಿಡಿಯಿತು.

ಓದಿಸುವುದನ್ನು ಬಿಟ್ಟೆ. ಪ್ರಶ್ನೆ ಕೇಳಿ, ಉತ್ತರ ರೆಕಾರ್ಡ್ ಮಾಡಿದೆ. "ಆಯಿ, ಏನ್ ತ್ರಾಸ ಅದರಿ?" ಎಂದರೆ ಅವರು ಒಂದು ಹೊಟ್ಟೆನೋವಿನ ಕಥೆಯನ್ನೇ ಹೇಳಿದರು. ಆ ಕಥೆಯಿಂದ ಚಿಕ್ಕ ವಾಕ್ಯಗಳನ್ನು ಆರಿಸಿ, ಅವನ್ನೇ ಇನ್ನೊಂದು ಸಲ ಹೇಳಿಸಿದೆ. ತ್ರಾಸ, ಗುಳಿಗಿ, ಮೊನ್ನಿ ಎಂಬ ಪದಗಳು ಹೀಗೆ ಬಂದವು. ನನ್ನ ಪಾಠದಲ್ಲಿ ಇದ್ದದ್ದು ತೊಂದರೆ, ಗುಳಿಗೆ, ಮೊನ್ನೆ. ಇನ್ನೊಂದು ಮಾತು ಇಲ್ಲಿ ಹೇಳಬೇಕು. ವಾರ್ಡಿನಲ್ಲಿ ರೋಗಿಗಳ ಮಾತು ರೆಕಾರ್ಡ್ ಮಾಡಿದರೆ ಇನ್ನೂ ಸಹಜ ಇರುತ್ತದೆ ಎಂದು ಡಾಕ್ಟರ್ ಒಮ್ಮೆ ಕೇಳಿದರು. ಬೇಡ ಎಂದೆ. ನೋವಿನಲ್ಲಿರುವವರ ಮಾತು ಪಾಠದ ಸಾಮಾನಲ್ಲ.

ಒಂದು ಕಾರ್ಡ್ ಹೇಗೆ ಕೇಳಿಸುತ್ತದೆ

ಕಿವಿಯ ಕಾರ್ಡ್ ಒಂದನ್ನು ಪೂರ್ತಿ ಹೇಳುತ್ತೇನೆ. ಮೊದಲ ಅರ್ಧ ಸೆಕೆಂಡ್ ಖಾಲಿ. ಬ್ಲೂಟೂತ್ ಇಯರ್‌ಫೋನ್ ಹಲವು ಸಲ ಶುರುವಿನ ಸದ್ದನ್ನು ನುಂಗುತ್ತದೆ. ಆ ಖಾಲಿ ಜಾಗ ಇಲ್ಲದಿದ್ದಾಗ "ನಿನ್ನಿ" ಹೋಗಿ ಬರೀ "ನ್ನಿ" ಕೇಳಿಸುತ್ತಿತ್ತು. ಆಮೇಲೆ ಆಯಿಯ ದನಿ, "ಗುಳಿಗಿ ತಗೊಂಡ್ರೂ ಕಮ್ಮಿ ಆಗಿಲ್ಲ." ನಾಲ್ಕು ಸೆಕೆಂಡ್ ಮೌನ. ಈ ಹೊತ್ತಿನಲ್ಲಿ ಅವರು ಮನಸ್ಸಿನಲ್ಲಿ ಅರ್ಥ ಹೇಳಿಕೊಳ್ಳಬೇಕು. ಆಮೇಲೆ ಹಿಂದಿಯಲ್ಲಿ ಅರ್ಥ. ಆಮೇಲೆ "ಗುಳಿಗಿ" ಎಂದು ಪದ ಮಾತ್ರ ಒಂದು ಸಲ. ಕೊನೆಗೆ ಅದೇ ವಾಕ್ಯ ಮತ್ತೆ, ಮೊದಲಿನಷ್ಟೇ ವೇಗದಲ್ಲಿ. ಎಲ್ಲ ಸೇರಿ ಇಪ್ಪತ್ತು ಸೆಕೆಂಡ್. 22 ಕಾರ್ಡಿಗೆ ಸುಮಾರು ಏಳೂವರೆ ನಿಮಿಷ.

ಮೌನವನ್ನು ಮೊದಲು ಎರಡೇ ಸೆಕೆಂಡ್ ಇಟ್ಟಿದ್ದೆ. ಅವರು ಯೋಚಿಸುವ ಮೊದಲೇ ಉತ್ತರ ಬರುತ್ತಿತ್ತು. ಆಗ ಅದು ಕಾರ್ಡ್ ಅಲ್ಲ, ಮತ್ತೊಂದು ಪಾಠ. ಎಂಟು ಸೆಕೆಂಡ್ ಮಾಡಿದರೆ ಮನಸ್ಸು ಕಿಟಕಿ ಆಚೆ ಹೋಗುತ್ತಿತ್ತು. ನಾಲ್ಕು ಅವರಿಗೆ ಸರಿಬಂತು. ಬೇರೆಯವರಿಗೆ ಬೇರೆ ಇರಬಹುದು.

ಪ್ರತಿ ಕಾರ್ಡೂ ಬೇರೆ ಫೈಲ್. ಎಲ್ಲವನ್ನೂ ಒಂದೇ ಉದ್ದ ಫೈಲ್ ಮಾಡಿದಾಗ ಅವರು ಸಾಲನ್ನೇ ಬಾಯಿಪಾಠ ಮಾಡಿಬಿಟ್ಟರು. ಉರಿ ಆದ ಮೇಲೆ ಸುಸ್ತು ಬರುತ್ತದೆ ಎಂದು ಕೇಳುವ ಮೊದಲೇ ಗೊತ್ತು. ಬೇರೆ ಫೈಲ್ ಇದ್ದರೆ ಪ್ಲೇಯರಿನಲ್ಲಿ ಕಲಸಿ ಹಾಕಬಹುದು. ಫೈಲಿಗೆ ಹೆಸರು ಬರೀ ಅಂಕಿ, `07.mp3` ಹೀಗೆ. ಮೊದಲು `guligi.mp3` ಎಂದು ಇಟ್ಟಿದ್ದೆ, ಮೊಬೈಲ್ ಪರದೆಯ ಮೇಲೆ ಉತ್ತರ ಕಾಣುತ್ತಿತ್ತು.

ಮರಳಿ ಕೇಳುವುದಕ್ಕೆ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಹೇಳಿಕೊಟ್ಟ ಡಬ್ಬಿಗಳ ಪದ್ಧತಿಯನ್ನೇ ಮೂರು ಫೋಲ್ಡರ್ ಮಾಡಿ ಇಟ್ಟೆವು. ಮೊದಲನೆಯದು ದಿನಾ, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ. ಗೊತ್ತಾದ ಕಾರ್ಡ್ ಮುಂದಿನ ಫೋಲ್ಡರಿಗೆ, ತಪ್ಪಿದ್ದು ಮತ್ತೆ ಮೊದಲನೆಯದಕ್ಕೆ. ಬಸ್ಸಿನಲ್ಲಿ ಫೈಲ್ ಸರಿಸುವುದು ಬೇಡ ಎಂದೆ. ತಪ್ಪಿದ ಕಾರ್ಡಿನ ಅಂಕಿ ನೆನಪಿಟ್ಟುಕೊಂಡು ರಾತ್ರಿ ಸರಿಸಿದರೆ ಸಾಕು.

ಮೂರು ವಾರದ ಮೇಲೆ

ಆಯಿಯನ್ನೇ ಕರೆಸಿ ಪರೀಕ್ಷೆ ಮಾಡಿದೆವು. ಕಾರ್ಡಿನಲ್ಲಿ ಇಲ್ಲದ ಹೊಸ ವಾಕ್ಯಗಳಲ್ಲಿ ಅದೇ ಪದಗಳನ್ನು ಆಯಿ ಹೇಳಿದರು. ಹನ್ನೆರಡು ಕಿವಿಯ ಪದಗಳಲ್ಲಿ ಹತ್ತು ಡಾಕ್ಟರಿಗೆ ತಿಳಿದವು. ತಪ್ಪಿದ ಎರಡರಲ್ಲಿ ಒಂದು "ಸಂಕಟ". ಹಿಂದಿಯ ಸಂಕಟ್ ಅಂದರೆ ದೊಡ್ಡ ಗಂಡಾಂತರ. ಆಯಿ ಹೇಳುವ ಸಂಕಟ ಹೊಟ್ಟೆಯೊಳಗಿನ ಕಸಿವಿಸಿ. ಸುಸ್ತು ಕಲಿತರೂ ಇದು ಕೂರಲಿಲ್ಲ, ಯಾಕೆಂದರೆ ಅದರ ವಾಕ್ಯದಲ್ಲಿ ನಾನು ಹೊಟ್ಟೆಯ ಮಾತೇ ತಂದಿರಲಿಲ್ಲ. "ಭಾಳ ಸಂಕಟ ಆಗ್ಲಾಕತ್ತದ" ಎಂದಷ್ಟೇ ಇತ್ತು. ಆ ವಾಕ್ಯಕ್ಕೆ ಗಂಡಾಂತರವೂ ಹೊಂದುತ್ತದೆ. "ಉಂಡ ಮ್ಯಾಲ ಹೊಟ್ಟ್ಯಾಗ ಸಂಕಟ ಆಗ್ತದ" ಎಂದು ಬದಲಿಸಿದೆ. ಆಗ ಬೇರೆ ಅರ್ಥಕ್ಕೆ ಜಾಗವೇ ಇಲ್ಲ. ಉದಾಹರಣೆ ವಾಕ್ಯದಲ್ಲಿ ಪದ ತೆಗೆದು ತಪ್ಪು ಅರ್ಥವನ್ನು ಇಟ್ಟು ನೋಡಬೇಕು. ಆಗಲೂ ವಾಕ್ಯ ನಿಂತರೆ ಆ ವಾಕ್ಯ ಏನೂ ಕಲಿಸುವುದಿಲ್ಲ.

ಈ ಕಾರ್ಡುಗಳಿಂದ ಆಗದ ಕೆಲಸವೂ ಇದೆ. ಆಯಿಯ ಕನ್ನಡ ಜೇವರ್ಗಿ ಕಡೆಯದು. ಬೀದರ ಕಡೆಯವರು ಬಂದಾಗ ಡಾಕ್ಟರಿಗೆ ಮತ್ತೆ ತಡವರಿಕೆ ಆಯಿತು. ಅಲ್ಲಿನ ಒಬ್ಬರ ದನಿಯಲ್ಲಿ ಅವೇ ವಾಕ್ಯ ಮಾಡಿಸಬೇಕು. ಚೀಟಿಯ ಮೇಲೆ ಕನ್ನಡದಲ್ಲಿ ಬರೆದದ್ದನ್ನು ಓದಲು ಅವರಿಗೆ ಈಗಲೂ ಬರುವುದಿಲ್ಲ. ರೋಗಿ ನಿಲ್ಲಿಸದೆ ಎರಡು ನಿಮಿಷ ಮಾತಾಡಿದರೆ ಅಲ್ಲೊಂದು ಇಲ್ಲೊಂದು ಪದ ಮಾತ್ರ ಸಿಗುತ್ತದೆ.

ಮೊದಲ ಸಲ ಇದಕ್ಕೆಲ್ಲ ಮೂರು ಸಂಜೆ ಹಿಡಿಯಿತು. ಮುಂದಿನ ಪಾಠಕ್ಕೆ ಒಂದೂವರೆ ಗಂಟೆ ಸಾಕಾಯಿತು, ಯಾಕೆಂದರೆ ಪಾಠ ಹೇಳುವಾಗಲೇ ಬೋರ್ಡಿನ ಎಡಕ್ಕೆ ಬಾಯಿಯ ಪದ, ಬಲಕ್ಕೆ ಕಿವಿಯ ಪದ ಎಂದು ಬರೆಯತೊಡಗಿದೆ.

ಹೋದ ವಾರ ಡಾಕ್ಟರ್ ಕ್ಲಾಸಿಗೆ ಬರುತ್ತಲೇ ಒಂದು ಮಾತು ಹೇಳಿದರು. ರೋಗಿಯೊಬ್ಬರು "ತಲಿ ಗಿರ್ರ ಅಂತದ" ಎಂದರಂತೆ. ಕಾರ್ಡಿನಲ್ಲಿ ಇದ್ದದ್ದು "ತಲಿ ಸುತ್ತಲಾಕತ್ತದ". ಆದರೂ ಆ ರೋಗಿ ಕೈಯನ್ನು ಸುತ್ತು ತಿರುಗಿಸಿ ತೋರಿಸಿದ್ದರಿಂದ ಅವರಿಗೆ ತಿಳಿಯಿತಂತೆ. "ಇದನ್ನು ಆಯಿ ಹತ್ತಿರ ಹೇಳಿಸಿಕೊಡಿ ಸರ್" ಎಂದರು. ಅದೇ ರಾತ್ರಿ ಆಯಿಯ ಮನೆಗೆ ಹೋದೆ. `23.mp3` ಈಗ ಮೊದಲ ಫೋಲ್ಡರಿನಲ್ಲಿದೆ.